ಬಿ1 ಜರ್ಮನ್ ಮಾತಿನ ಪರೀಕ್ಷೆ: ಆ ಮೂರು ನಿಮಿಷವನ್ನು ಎಲ್ಲಿ ಖರ್ಚು ಮಾಡಬೇಕು

ಪ್ರಶ್ನೆ: ಮೇಡಂ, ನಾನು ಮಂಗಳೂರಿನಲ್ಲಿ ನರ್ಸ್. ಮುಂದಿನ ತಿಂಗಳು ಗಯಟೆ ಸಂಸ್ಥೆಯ ಬಿ1 ಮಾತಿನ ಪರೀಕ್ಷೆ ಇದೆ. ಎರಡನೇ ಭಾಗದ ಪ್ರೆಸೆಂಟೇಶನ್ನೇ ನನಗೆ ದೊಡ್ಡ ತಲೆನೋವು. ಮೂರು ನಿಮಿಷ ಮಾತಾಡಬೇಕು ಅಂತಾರೆ, ನಾನು ಎಷ್ಟೇ ಎಳೆದರೂ 1 ನಿಮಿಷ 40 ಸೆಕೆಂಡಿಗೆ ಮುಗಿದುಹೋಗುತ್ತದೆ. ಕ್ಲಾಸಿನಲ್ಲಿ ಕೊಟ್ಟ ಮೂವತ್ತು ಜೋಡಿಸುವ ವಾಕ್ಯಗಳನ್ನೂ ಬಾಯಿಪಾಠ ಮಾಡಿದ್ದೇನೆ. ಆದರೂ ಯಾಕೆ ಹೀಗೆ? ಯಾವ ಭಾಗಕ್ಕೆ ಎಷ್ಟು ಹೊತ್ತು ಕೊಡಬೇಕು?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಫೋನಿನಲ್ಲಿ ನಿಮ್ಮ ಮಾತನ್ನು ರೆಕಾರ್ಡ್ ಮಾಡಿಕೊಂಡು, ಕೇಳುವಾಗ ಪ್ರತಿ ಫೋಲಿಯೆ, ಅಂದರೆ ಪ್ರತಿ ಸ್ಲೈಡು, ಎಷ್ಟು ಸೆಕೆಂಡು ತೆಗೆದುಕೊಂಡಿತು ಅಂತ ಬರೆದುಕೊಳ್ಳಿ. ನನ್ನ ಹತ್ತಿರ ಬರುವವರ ರೆಕಾರ್ಡಿಂಗ್ ಕೇಳಿ ಕೇಳಿ ನನಗೆ ಗೊತ್ತಾಗಿರುವುದು ಇಷ್ಟು. 1 ನಿಮಿಷ 40 ಸೆಕೆಂಡಿಗೆ ಮುಗಿಸುವವರು ಹೆಚ್ಚಾಗಿ ಮೊದಲ ಫೋಲಿಯೆಗೇ 40 ಸೆಕೆಂಡು ಕೊಟ್ಟಿರುತ್ತಾರೆ. ನಮಸ್ಕಾರ, ಹೆಸರು, ವಿಷಯ, ಯಾಕೆ ಈ ವಿಷಯ ಆರಿಸಿಕೊಂಡೆ, ಇವತ್ತು ಐದು ಭಾಗ ಇದೆ, ಒಂದನೇದು ಇದು, ಎರಡನೇದು ಅದು. ಇಷ್ಟು ಬಾಯಿಪಾಠ ಸೊಗಸಾಗಿ ಬರುತ್ತದೆ. ಆಮೇಲೆ ಸ್ವಂತದ್ದು ಹೇಳಬೇಕಾದಲ್ಲಿ ಎರಡು ವಾಕ್ಯ, ದೇಶದ ಬಗ್ಗೆ ಒಂದು ವಾಕ್ಯ, ಲಾಭ ಒಂದು, ನಷ್ಟ ಒಂದು, ಥ್ಯಾಂಕ್ಸ್. ನಿಮ್ಮದೂ ಹೀಗೇ ಇರಬಹುದು ಅಂತ ನನ್ನ ಅನುಮಾನ.

ಅಂದರೆ ನಿಮಗೆ ಬೇಕಾಗಿರುವುದು ಇನ್ನೂ ಹತ್ತು ಜೋಡಿಸುವ ವಾಕ್ಯ ಅಲ್ಲ. ಜೋಡಿಸೋದಕ್ಕೆ ನಡುವೆ ಸಾಮಾನು ಬೇಕು.

ಕಾಗದ ಹೇಗಿರುತ್ತದೆ ಅಂತ ಒಮ್ಮೆ ನೆನಪಿಸಿಕೊಳ್ಳೋಣ. ನಿಮಗೆ ಎರಡು ವಿಷಯ ಕೊಡುತ್ತಾರೆ, ಒಂದನ್ನು ನೀವು ಆರಿಸಿಕೊಳ್ಳುತ್ತೀರಿ. ಆ ಹಾಳೆಯಲ್ಲಿ ಐದು ಫೋಲಿಯೆ ಚಿಕ್ಕದಾಗಿ ಅಚ್ಚಾಗಿರುತ್ತವೆ. ಎಡಗಡೆ ಏನು ಮಾಡಬೇಕು ಅಂತ ಸೂಚನೆ, ಬಲಗಡೆ ನೀವು ನೋಟ್ಸ್ ಬರೆದುಕೊಳ್ಳಲು ಜಾಗ. ಒಂದನೇದರಲ್ಲಿ ವಿಷಯ ಪರಿಚಯಿಸಿ, ಏನೇನು ಯಾವ ಕ್ರಮದಲ್ಲಿ ಹೇಳುತ್ತೀರಿ ಅಂತ ತಿಳಿಸಬೇಕು. ಎರಡನೇದರಲ್ಲಿ ನಿಮ್ಮ ಸ್ವಂತ ಪರಿಸ್ಥಿತಿ ಅಥವಾ ಅನುಭವ. ಮೂರನೇದರಲ್ಲಿ ನಿಮ್ಮ ದೇಶದಲ್ಲಿ ಹೇಗಿದೆ ಅಂತ, ಉದಾಹರಣೆ ಜೊತೆ. ನಾಲ್ಕನೇದರಲ್ಲಿ ಲಾಭ, ನಷ್ಟ, ನಿಮ್ಮ ಅಭಿಪ್ರಾಯ, ಅಲ್ಲೂ ಉದಾಹರಣೆ. ಐದನೇದರಲ್ಲಿ ಮುಗಿಸಿ ಥ್ಯಾಂಕ್ಸ್ ಹೇಳಬೇಕು. ಆಸ್ಟ್ರಿಯಾದ ಓಎಸ್‌ಡಿ ಸಂಸ್ಥೆಯ ಬಿ1 ಪರೀಕ್ಷೆಗೆ ಕೂರುವವರಿಗೂ ಇದೇ ನಮೂನೆ, ಯಾಕೆಂದರೆ ಆ ಪರೀಕ್ಷೆಯನ್ನು ಗಯಟೆ, ಓಎಸ್‌ಡಿ ಮತ್ತು ಸ್ವಿಟ್ಜರ್ಲೆಂಡಿನ ಫ್ರಿಬೂರ್ಗ್ ವಿಶ್ವವಿದ್ಯಾಲಯ ಸೇರಿಯೇ ಮಾಡಿದ್ದು.

ಮಾತಿನ ಪರೀಕ್ಷೆಯ 100 ಅಂಕದಲ್ಲಿ ಈ ಪ್ರೆಸೆಂಟೇಶನ್‌ಗೇ 40 ಇದೆ, ಪಾಸಾಗಲು 60 ಬೇಕು. ಹಾಗಾಗಿ ಸಮಯ ಹಂಚಿಕೊಳ್ಳೋದನ್ನು ಸುಮ್ನೆ ಅದೃಷ್ಟಕ್ಕೆ ಬಿಡಬೇಡಿ. ನಾನು ಹೇಳಿಕೊಡುವುದು ಹೀಗೆ: ಮೊದಲ ಫೋಲಿಯೆಗೆ 20 ಸೆಕೆಂಡು, ಎರಡಕ್ಕೆ 40, ಮೂರಕ್ಕೆ 40, ನಾಲ್ಕಕ್ಕೆ ಪೂರ್ತಿ ಒಂದು ನಿಮಿಷ, ಕೊನೆಯದಕ್ಕೆ 15. ಒಟ್ಟು 175 ಸೆಕೆಂಡು, ಮೂರು ನಿಮಿಷಕ್ಕೆ ಐದೇ ಸೆಕೆಂಡು ಕಡಿಮೆ. ಪರೀಕ್ಷೆಯ ಕೋಣೆಯಲ್ಲಿ ಗಡಿಯಾರ ನೋಡುತ್ತಾ ಮಾತಾಡಲು ಆಗುವುದಿಲ್ಲ, ಆದ್ದರಿಂದ ಸೆಕೆಂಡನ್ನು ವಾಕ್ಯಕ್ಕೆ ಬದಲಾಯಿಸಿಕೊಳ್ಳಿ. ಬಿ1 ಮಟ್ಟದಲ್ಲಿ ಯೋಚಿಸುತ್ತಾ, ಮಧ್ಯೆ ಉಸಿರು ತೆಗೆದುಕೊಳ್ಳುತ್ತಾ ಹೇಳುವ ಒಂದು ವಾಕ್ಯಕ್ಕೆ ಸುಮಾರು ಏಳು ಸೆಕೆಂಡು ಹಿಡಿಯುತ್ತದೆ. ಹಾಗಾದರೆ ಮೊದಲು ಎರಡು ಮೂರು ವಾಕ್ಯ, ಆಮೇಲೆ ಐದಾರು, ಮತ್ತೆ ಐದಾರು, ನಾಲ್ಕನೇದಕ್ಕೆ ಏಳೆಂಟು, ಕೊನೆಗೆ ಎರಡು. ಬೆರಳಲ್ಲೇ ಎಣಿಸಬಹುದು, ಅಲ್ವಾ?

ಇನ್ನು ಒಂದು ವಿಷಯ ಹಿಡಿದು ಪೂರ್ತಿ ಮಾಡಿ ತೋರಿಸುತ್ತೇನೆ. ನೀವು ನರ್ಸ್ ಅಂದಿರಿ, ಹಾಗಾಗಿ ನೈಟ್ ಡ್ಯೂಟಿ ನಿಮಗೆ ಗೊತ್ತಿರುವ ಬದುಕು. ವಿಷಯ ಊಟವನ್ನು ಆನ್‌ಲೈನಿನಲ್ಲಿ ತರಿಸುವುದು ಅಂತ ಇಟ್ಟುಕೊಳ್ಳಿ. ಇದು ಮಾತಿನ ಪರೀಕ್ಷೆ, ಅದಕ್ಕೇ ಜರ್ಮನನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ, ನೇರವಾಗಿ ಬಾಯಲ್ಲಿ ಹೇಳಿಕೊಳ್ಳಿ. ‘ಇಶ್’ ಅಂತ ಬರೆದಲ್ಲಿ ನಮ್ಮ ಶ್‌ಗಿಂತ ಮೆಲ್ಲಗೆ, ತುಟಿ ಅಗಲಿಸಿ ಹೇಳಿ. ‘ಯೂಬರ್’ ಅನ್ನುವಾಗ ಬಾಯೊಳಗೆ ಈ, ತುಟಿ ಮಾತ್ರ ಊ.

ಮೊದಲ ಫೋಲಿಯೆ:

‘ಇಶ್ ಮ್ಯೋಶ್ಟೆ ಹೊಯ್ಟೆ ಯೂಬರ್ ಡಾಸ್ ಟೇಮಾ ಎಸ್ಸನ್ ಆನ್‌ಲೈನ್ ಬೆಶ್ಟೆಲ್ಲನ್ ಶ್ಪ್ರೆಶನ್. ತ್ಸುಏರ್ಸ್ಟ್ ಎರ್ತ್ಸೇಲೆ ಇಶ್ ಫೋನ್ ಮೈನರ್ ಎರ್‌ಫಾರುಂಗ್, ಡಾನ್ ಶ್ಪ್ರೆಶೆ ಇಶ್ ಯೂಬರ್ ಮೈನ್ ಹೈಮಾಟ್‌ಲಾಂಡ್. ಡಾನಾಖ್ ನೆನ್ನೆ ಇಶ್ ಫೋರ್ ಉಂಡ್ ನಾಖ್‌ಟೈಲೆ ಉಂಡ್ ಸಾಗೆ ಮೈನೆ ಮೈನುಂಗ್.’

ಇವತ್ತು ಈ ವಿಷಯದ ಬಗ್ಗೆ ಮಾತಾಡುತ್ತೇನೆ, ಮೊದಲು ನನ್ನ ಅನುಭವ, ಆಮೇಲೆ ನನ್ನ ದೇಶ, ಅದಾದ ಮೇಲೆ ಲಾಭ ನಷ್ಟ ಮತ್ತು ಅಭಿಪ್ರಾಯ. ಇಷ್ಟೇ. ಈ ಭಾಗ ಯಾವ ವಿಷಯ ಬಂದರೂ ಬದಲಾಗುವುದಿಲ್ಲ, ವಿಷಯದ ಹೆಸರು ಮಾತ್ರ ಬದಲಾಗುತ್ತದೆ. ಆದ್ದರಿಂದ ಬಾಯಿಪಾಠ ಮಾಡುವುದಿದ್ದರೆ ಇದನ್ನು ಮಾಡಿ, ಕೊನೆಯದನ್ನು ಮಾಡಿ. ನಡುವಿನದನ್ನು ಬಾಯಿಪಾಠ ಮಾಡಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಎರಡನೇ ಫೋಲಿಯೆಯಲ್ಲಿ ಬಹಳ ಜನ ಎಡವುವುದು ಇಲ್ಲಿ: ‘ನಾನು ಆನ್‌ಲೈನಿನಲ್ಲಿ ಊಟ ತರಿಸುತ್ತೇನೆ, ಅದು ಚೆನ್ನಾಗಿರುತ್ತದೆ’ ಅಂತ ಹೇಳಿ ನಿಂತುಬಿಡುತ್ತಾರೆ. ಯಾವಾಗಲೂ ನಡೆಯುವುದನ್ನು ಹೇಳಿದರೆ ಎರಡೇ ವಾಕ್ಯಕ್ಕೆ ಮುಗಿಯುತ್ತದೆ. ಒಂದು ಸಲ ನಡೆದದ್ದನ್ನು ಹೇಳಿದರೆ ಅದರಲ್ಲಿ ಯಾವಾಗ, ಯಾಕೆ, ಏನಾಯಿತು, ಕೊನೆಗೆ ಹೇಗನ್ನಿಸಿತು, ಎಲ್ಲವೂ ತಾನಾಗಿ ಬರುತ್ತದೆ. ನೋಡಿ:

‘ಇಶ್ ಬೆಶ್ಟೆಲ್ಲೆ ನಿಶ್ಟ್ ಓಫ್ಟ್ ಎಸ್ಸನ್. ಆಬರ್ ಲೆಟ್ಸ್‌ಟನ್ ಮೋನಾಟ್ ವಾರ್ ಮೈನೆ ಮುಟರ್ ಕ್ರಾಂಕ್, ಉಂಡ್ ಇಶ್ ಹಾಟೆ ನಾಖ್ಟ್‌ಶಿಶ್ಟ್. ಡೆಸ್‌ಹಾಲ್ಪ್ ಹಾಬೆ ಇಶ್ ಎಸ್ಸನ್ ಬೆಶ್ಟೆಲ್ಟ್. ಎಸ್ ಹಾಟ್ ಐನೆ ಶ್ಟುಂಡೆ ಗೆಡೌವರ್ಟ್, ಉಂಡ್ ಡೇರ್ ರೈಸ್ ವಾರ್ ಕಾಲ್ಟ್. ಟ್ರೋಟ್ಸ್‌ಡೇಮ್ ವಾರ್ ಇಶ್ ಫ್ರೋ, ವೈಲ್ ಇಶ್ ನಿಶ್ಟ್ ಕೋಖನ್ ಮುಸ್ಟೆ.’

ನಾನು ಆಗಾಗ ತರಿಸುವವಳಲ್ಲ. ಆದರೆ ಹೋದ ತಿಂಗಳು ಅಮ್ಮನಿಗೆ ಹುಷಾರಿರಲಿಲ್ಲ, ನನಗೆ ನೈಟ್ ಡ್ಯೂಟಿ. ಅದಕ್ಕೇ ತರಿಸಿದೆ. ಒಂದು ಗಂಟೆ ಆಯಿತು, ಅನ್ನ ತಣ್ಣಗಾಗಿತ್ತು. ಆದರೂ ಖುಷಿಯಾಯಿತು, ಯಾಕೆಂದರೆ ಅಡುಗೆ ಮಾಡುವ ಕೆಲಸ ಇರಲಿಲ್ಲ. ಇದರಲ್ಲಿ ಕಷ್ಟದ ಪದ ಒಂದೂ ಇಲ್ಲ. ಆದರೆ ಭೂತಕಾಲ ಬಂತು, ‘ಡೆಸ್‌ಹಾಲ್ಪ್’ ಬಂತು, ‘ಟ್ರೋಟ್ಸ್‌ಡೇಮ್’ ಬಂತು, ‘ವೈಲ್’ ಬಂತು. ಜೋಡಿಸುವ ಪದ ಹೀಗೆ ಬರಬೇಕು, ಕಥೆಯ ಒಳಗಿಂದ. ಪರೀಕ್ಷಕರು ನೋಡುವ ಅಂಶಗಳಲ್ಲಿ ವಾಕ್ಯಗಳು ಒಂದಕ್ಕೊಂದು ಕೂಡಿವೆಯೇ ಅನ್ನುವುದೂ ಒಂದು, ಮತ್ತು ಅದು ಇಲ್ಲೇ ಕಾಣಿಸುತ್ತದೆ. ‘ನನ್ನ ಮುಂದಿನ ಫೋಲಿಯೆಗೆ ಬರುತ್ತೇನೆ’ ಅನ್ನುವಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ.

ಈ ನಾಲ್ಕೈದು ಪದಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನಮ್ಮ ಕನ್ನಡದವರು ತಪ್ಪು ಮಾಡುವುದು ಪದ ಮರೆತು ಅಲ್ಲ, ಪದ ನೆನಪಾದ ಮೇಲೆ ಕ್ರಿಯಾಪದವನ್ನು ಎಲ್ಲಿಡಬೇಕು ಅನ್ನುವಲ್ಲಿ. ‘ವೈಲ್’ ಮತ್ತು ‘ಡಾಸ್’ (‘ಅಂತ’ ಅನ್ನುವ ಅರ್ಥದ ಡಾಸ್) ಬಂದರೆ ಕ್ರಿಯಾಪದ ಕೊನೆಗೆ. ಇದು ನಮಗೆ ಸುಲಭ, ಕನ್ನಡದಲ್ಲಿ ಕ್ರಿಯಾಪದ ಕೊನೆಗೇ ತಾನೆ ಇರೋದು. ‘ವೈಲ್ ಮಾನ್ ತ್ಸೈಟ್ ಶ್ಪಾರ್ಟ್’ ಅಂದರೆ ‘ಯಾಕೆಂದರೆ ಸಮಯ ಉಳಿಸಬಹುದು’, ಎರಡರಲ್ಲೂ ಉಳಿಸುವ ಮಾತು ಕೊನೆಯಲ್ಲಿದೆ. ಇಂಗ್ಲಿಷ್ ಮೂಲಕ ಯೋಚಿಸಿದಾಗಲೇ ಅದು ಮುಂದಕ್ಕೆ ಹಾರಿಬಿಡುತ್ತದೆ. ಹಾಗಾಗಿ ‘ವೈಲ್’ ಅಂದ ಕೂಡಲೇ ಕನ್ನಡದಲ್ಲಿ ಯೋಚಿಸಿ.

ಆದರೆ ‘ಡೆಸ್‌ಹಾಲ್ಪ್’, ‘ಟ್ರೋಟ್ಸ್‌ಡೇಮ್’, ‘ಔಸರ್‌ಡೇಮ್’, ‘ಡಾನ್’ ಬಂದರೆ ಕ್ರಿಯಾಪದ ತಕ್ಷಣ ಪಕ್ಕಕ್ಕೆ ಬರಬೇಕು, ಆಮೇಲೆ ಇಶ್. ‘ಡೆಸ್‌ಹಾಲ್ಪ್ ಹಾಬೆ ಇಶ್’, ‘ಡೆಸ್‌ಹಾಲ್ಪ್ ಇಶ್ ಹಾಬೆ’ ಅಲ್ಲ. ಇಲ್ಲಿ ಕನ್ನಡವೂ ಕೈಕೊಡುತ್ತದೆ, ಇಂಗ್ಲಿಷೂ ಕೈಕೊಡುತ್ತದೆ. ಇದಕ್ಕೆ ಒಂದೇ ಉಪಾಯ: ಪದವನ್ನು ಒಂಟಿಯಾಗಿ ಕಲಿಯಬೇಡಿ. ‘ಡೆಸ್‌ಹಾಲ್ಪ್‌ಹಾಬೆಇಶ್’, ‘ಟ್ರೋಟ್ಸ್‌ಡೇಮ್‌ವಾರ್‌ಇಶ್’, ‘ಔಸರ್‌ಡೇಮ್‌ಕಾನ್‌ಮಾನ್’ ಅಂತ ಮೂರೂ ಸೇರಿಸಿ ಒಂದೇ ಪದದ ಹಾಗೆ ಬಾಯಿಗೆ ಹತ್ತಿಸಿಕೊಳ್ಳಿ. ನಿಮ್ಮ ಮೂವತ್ತು ವಾಕ್ಯಗಳಲ್ಲಿ ಇಪ್ಪತ್ತನ್ನು ಬದಿಗಿಟ್ಟು ಇಂಥ ಏಳೆಂಟನ್ನು ಸರಿಯಾಗಿ ಹೇಳಿದರೆ ಜಾಸ್ತಿ ಲಾಭ.

ಮೂರನೇ ಫೋಲಿಯೆ, ಅಂದರೆ ನಮ್ಮ ದೇಶ. ಇಲ್ಲಿ ಜನ ಒಂದೇ ವಾಕ್ಯಕ್ಕೆ ನಿಲ್ಲಲು ಕಾರಣ, ಇಡೀ ಭಾರತದ ಬಗ್ಗೆ ಒಂದೇ ಮಾತು ಹೇಳಲು ಹೊರಡುವುದು. ಎರಡಾಗಿ ಒಡೆಯಿರಿ. ನಗರ ಮತ್ತು ಹಳ್ಳಿ, ಅಥವಾ ಮೊದಲು ಮತ್ತು ಈಗ, ಅಥವಾ ಅಜ್ಜಿಯ ಕಾಲದವರು ಮತ್ತು ಹುಡುಗರು. ಒಡೆದ ಕೂಡಲೇ ನಾಲ್ಕೈದು ವಾಕ್ಯ ಬರುತ್ತದೆ:

‘ಇನ್ ಇಂಡಿಯನ್ ಬೆಶ್ಟೆಲ್ಲನ್ ಫೀಲೆ ಯುಂಗೆ ಲೊಯ್ಟೆ ಎಸ್ಸನ್ ಆನ್‌ಲೈನ್, ತ್ಸುಮ್ ಬೈಶ್ಪೀಲ್ ಇನ್ ಬೆಂಗಳೂರು. ಡೋರ್ಟ್ ಆರ್ಬೈಟನ್ ಓಫ್ಟ್ ಬೈಡೆ ಎಲ್ಟರ್ನ್, ಉಂಡ್ ಆಬನ್ಟ್ಸ್ ಹಾಬನ್ ಸೀ ಕೈನೆ ತ್ಸೈಟ್. ಔಫ್ ಡೇಮ್ ಲಾಂಟ್ ಇಸ್ಟ್ ಡಾಸ್ ಆಂಡರ್ಸ್. ಡೋರ್ಟ್ ಕೋಖ್ಟ್ ಡೀ ಫಾಮೀಲಿಯೆ ಮೈಸ್ಟನ್ಸ್ ತ್ಸು ಹೌಸೆ.’

ಭಾರತದಲ್ಲಿ, ಉದಾಹರಣೆಗೆ ಬೆಂಗಳೂರಿನಲ್ಲಿ, ತುಂಬಾ ಯುವಕರು ತರಿಸುತ್ತಾರೆ. ಅಲ್ಲಿ ಅಪ್ಪ ಅಮ್ಮ ಇಬ್ಬರೂ ದುಡಿಯುವುದು ಜಾಸ್ತಿ, ಸಂಜೆ ಸಮಯ ಇರುವುದಿಲ್ಲ. ಹಳ್ಳಿಯಲ್ಲಿ ಹಾಗಲ್ಲ, ಮನೆಯಲ್ಲೇ ಅಡುಗೆ. ‘ಔಫ್ ಡೇಮ್ ಲಾಂಟ್ ಇಸ್ಟ್ ಡಾಸ್ ಆಂಡರ್ಸ್’ ಅನ್ನುವ ಆ ಒಂದು ವಾಕ್ಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಅದು ಎಷ್ಟೋ ವಿಷಯಕ್ಕೆ ಹೊಂದುತ್ತದೆ. ಮತ್ತೆ ಮೊದಲ ಮೂರು ಪದ ನೋಡಿ, ‘ಇನ್ ಇಂಡಿಯನ್ ಬೆಶ್ಟೆಲ್ಲನ್’. ಜಾಗದ ಹೆಸರಿನಿಂದ ಶುರು ಮಾಡಿದರೂ ಕ್ರಿಯಾಪದ ಎರಡನೇ ಸ್ಥಾನಕ್ಕೇ ಬರುತ್ತದೆ. ‘ಇನ್ ಇಂಡಿಯನ್ ಫೀಲೆ ಲೊಯ್ಟೆ ಬೆಶ್ಟೆಲ್ಲನ್’ ಅನ್ನುವುದು ನಾನು ತರಗತಿಯಲ್ಲಿ ಅತಿ ಹೆಚ್ಚು ತಿದ್ದುವ ತಪ್ಪು. ಶೇಕಡಾವಾರು ಅಂಕಿಅಂಶ ಹೇಳಲು ಹೋಗಬೇಡಿ, ಜರ್ಮನ್ ಸಂಖ್ಯೆ ಹೇಳುವಾಗ ತಡವರಿಸಿ ಸಮಯವೂ ಹೋಗುತ್ತದೆ, ಯಾರೂ ಅದನ್ನು ಕೇಳಿಲ್ಲ.

ನಾಲ್ಕನೇದಕ್ಕೆ ನಾನು ಒಂದು ನಿಮಿಷ ಕೊಟ್ಟದ್ದು ಯಾಕೆಂದರೆ ಅದರಲ್ಲಿ ಮೂರು ಕೆಲಸ ಇದೆ. ಲಾಭ, ನಷ್ಟ, ಅಭಿಪ್ರಾಯ. ಮೂರನೇದು ಬಿಟ್ಟುಹೋಗುವುದು ತುಂಬಾ ಸಾಮಾನ್ಯ. ಲಾಭ ನಷ್ಟ ಹೇಳಿದ ಮೇಲೆ ಮುಗಿಯಿತು ಅನ್ನಿಸುತ್ತದೆ, ನೇರ ಥ್ಯಾಂಕ್ಸ್‌ಗೆ ಹೋಗಿಬಿಡುತ್ತೇವೆ. ನೋಟ್ಸ್ ಬರೆಯುವಾಗಲೇ ಬಲಗಡೆಯ ಜಾಗದಲ್ಲಿ ಒಂದು ಪ್ಲಸ್, ಒಂದು ಮೈನಸ್, ಒಂದು ದೊಡ್ಡ ‘ಇಶ್’ ಬರೆದುಬಿಡಿ. ಕಣ್ಣಿಗೆ ಬಿದ್ದರೆ ಮರೆಯುವುದಿಲ್ಲ.

‘ಐನ್ ಫೋರ್‌ಟೈಲ್ ಇಸ್ಟ್, ಡಾಸ್ ಮಾನ್ ತ್ಸೈಟ್ ಶ್ಪಾರ್ಟ್. ತ್ಸುಮ್ ಬೈಶ್ಪೀಲ್ ಕಾನ್ ಇಶ್ ನಾಖ್ ಡೇರ್ ನಾಖ್ಟ್‌ಶಿಶ್ಟ್ ಶ್ಲಾಫನ್ ಉಂಡ್ ಮುಸ್ ನಿಶ್ಟ್ ಕೋಖನ್. ಔಸರ್‌ಡೇಮ್ ಕಾನ್ ಮಾನ್ ಫೀಲೆ ಗೆರಿಶ್ಟೆ ಪ್ರೊಬೀರನ್. ಐನ್ ನಾಖ್‌ಟೈಲ್ ಇಸ್ಟ್, ಡಾಸ್ ಎಸ್ ಫೀಲ್ ಪ್ಲಾಸ್ಟಿಕ್‌ಮ್ಯೂಲ್ ಗಿಪ್ಟ್. ಡಾಸ್ ಎಸ್ಸನ್ ಇಸ್ಟ್ ಔಖ್ ಟೊಯ್‌ರರ್ ಆಲ್ಸ್ ತ್ಸು ಹೌಸೆ. ಮೈನರ್ ಮೈನುಂಗ್ ನಾಖ್ ಇಸ್ಟ್ ಡಾಸ್ ಮಾಂಶ್‌ಮಾಲ್ ಪ್ರಾಕ್ಟಿಶ್. ಆಬರ್ ಇಶ್ ಮ್ಯೋಶ್ಟೆ ನಿಶ್ಟ್ ಯೇಡನ್ ಟಾಕ್ ಬೆಶ್ಟೆಲ್ಲನ್, ವೈಲ್ ಡಾಸ್ ಎಸ್ಸನ್ ತ್ಸು ಹೌಸೆ ಬೆಸರ್ ಶ್ಮೆಕ್ಟ್.’

ಸಮಯ ಉಳಿಯುತ್ತದೆ, ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಬಹುದು, ಬೇರೆ ಬೇರೆ ಅಡುಗೆ ರುಚಿ ನೋಡಬಹುದು. ಆದರೆ ಪ್ಲಾಸ್ಟಿಕ್ ಕಸ, ಮನೆಗಿಂತ ದುಬಾರಿ. ನನ್ನ ಪ್ರಕಾರ ಕೆಲವೊಮ್ಮೆ ಅನುಕೂಲ, ದಿನಾ ಬೇಡ, ಮನೆಯೂಟವೇ ರುಚಿ. ‘ಮೈನರ್ ಮೈನುಂಗ್ ನಾಖ್’ನಲ್ಲಿ ಆ ‘ನಾಖ್’ ಕೊನೆಗೆ ಬಂದಿದೆಯಲ್ಲ, ನಮ್ಮ ‘ನನ್ನ ಅಭಿಪ್ರಾಯದ ಪ್ರಕಾರ’ದಲ್ಲಿ ‘ಪ್ರಕಾರ’ ಕೊನೆಗೆ ಬರುವ ಹಾಗೆಯೇ. ಆಮೇಲೆ ತಕ್ಷಣ ‘ಇಸ್ಟ್’.

ಎರಡನೇ ಫೋಲಿಯೆಯ ನೈಟ್ ಡ್ಯೂಟಿ ಇಲ್ಲಿ ಮತ್ತೆ ಉದಾಹರಣೆಯಾಗಿ ಬಂತು ಗಮನಿಸಿದಿರಾ? ಹೊಸ ಉದಾಹರಣೆ ಹುಡುಕಬೇಕಿಲ್ಲ, ಮೊದಲು ಹೇಳಿದ್ದನ್ನೇ ವಾಪಸ್ ಎಳೆದುಕೊಳ್ಳಿ. ಕೇಳುವವರಿಗೂ ಇಡೀ ಮಾತು ಒಂದೇ ದಾರದಲ್ಲಿ ಪೋಣಿಸಿದ ಹಾಗೆ ಅನ್ನಿಸುತ್ತದೆ.

ಕೊನೆಯದು ‘ಡಾಸ್ ವಾರ್ ಮೈನೆ ಪ್ರೆಸೆಂಟಾತ್ಸಿಯೋನ್. ಫೀಲನ್ ಡಾಂಕ್ ಫ್ಯೂರ್ಸ್ ತ್ಸೂಹ್ಯೋರನ್.’ ಇಷ್ಟು ಸಾಕು.

ಈಗ ಬಾಯಿಪಾಠದ ವಿಷಯ. ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬ ಹುಡುಗ ಮೊಬೈಲ್ ಬಗ್ಗೆ ಒಂದು ಪ್ರೆಸೆಂಟೇಶನ್ನನ್ನು ಪೂರ್ತಿ ಉರು ಹೊಡೆದಿದ್ದ. ಅಭ್ಯಾಸದ ದಿನ ನಾನು ಸಾಕುಪ್ರಾಣಿಯ ವಿಷಯ ಕೊಟ್ಟೆ. ಮೊದಲ 20 ಸೆಕೆಂಡು ನೀರು ಕುಡಿದ ಹಾಗೆ ಹೇಳಿದ, ಆಮೇಲೆ ಮಾತಿನ ವೇಗ ಒಮ್ಮೆಗೇ ಅರ್ಧಕ್ಕೆ ಇಳಿಯಿತು, ನಾಲ್ಕನೇ ಫೋಲಿಯೆಗೆ ಬರುವಷ್ಟರಲ್ಲಿ ನಾಯಿಯಿಂದ ಇಂಟರ್ನೆಟ್ಟಿಗೆ ಏನೋ ಲಾಭ ಅನ್ನುವ ಹಾಗೆ ಒಂದು ವಾಕ್ಯ ಬಂತು. ಎಲ್ಲಿ ಉರು, ಎಲ್ಲಿ ಸ್ವಂತ ಅಂತ ಕೇಳುವವರಿಗೆ ಆ ವೇಗದಲ್ಲೇ ಗೊತ್ತಾಗುತ್ತದೆ. ಅವನಿಗೆ ಆಮೇಲೆ ಮಾಡಿಸಿದ್ದು ಇಷ್ಟೇ: ದಿನಕ್ಕೊಂದು ಹೊಸ ವಿಷಯ, ಪ್ರತಿಯೊಂದಕ್ಕೂ ಒಂದು ನಡೆದ ಘಟನೆ, ಒಂದು ನಗರ–ಹಳ್ಳಿ ವ್ಯತ್ಯಾಸ, ಎರಡು ಲಾಭ, ಎರಡು ನಷ್ಟ. ವಾಕ್ಯ ಬರೆಯುವಂತಿಲ್ಲ, ಪದ ಮಾತ್ರ. ಎರಡು ವಾರಕ್ಕೆ ಅವನ ಮಾತು ಎರಡೂಮುಕ್ಕಾಲು ನಿಮಿಷಕ್ಕೆ ಬಂತು.

ನೋಟ್ಸಿಗೂ ಇದೇ ಮಾತು. ತಯಾರಿಗೆ ಒಟ್ಟು 15 ನಿಮಿಷ ಕೊಡುತ್ತಾರೆ. ಅದರಲ್ಲೇ ಮೊದಲ ಭಾಗದ, ಅಂದರೆ ನೀವು ಮತ್ತು ಜೊತೆಗೆ ಪರೀಕ್ಷೆಗೆ ಕೂತವರು ಸೇರಿ ಏನೋ ಒಂದನ್ನು ಯೋಜಿಸುವ ಭಾಗದ ತಯಾರಿಯೂ ಆಗಬೇಕು. ಡಿಕ್ಷನರಿಯೂ ಇಲ್ಲ, ಫೋನೂ ಇಲ್ಲ. ವಿಷಯ ಆರಿಸಲು ಒಂದು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಯಾವುದರಲ್ಲಿ ನಿಮಗೆ ಒಂದು ನಡೆದ ಘಟನೆ ತಕ್ಷಣ ನೆನಪಾಗುತ್ತದೋ ಅದೇ ನಿಮ್ಮ ವಿಷಯ, ಅಭಿಪ್ರಾಯ ಎಷ್ಟು ಗಟ್ಟಿಯಾಗಿದೆ ಅಂತ ನೋಡಬೇಡಿ. ಮೊದಲ ಭಾಗಕ್ಕೆ ನಾಲ್ಕೈದು ನಿಮಿಷ ಇಟ್ಟುಕೊಂಡು, ಉಳಿದದ್ದನ್ನು ಎರಡು, ಮೂರು, ನಾಲ್ಕನೇ ಫೋಲಿಯೆಗೆ ಹಾಕಿ. ಎರಡನೇದಕ್ಕೆ ‘ಅಮ್ಮ – ನೈಟ್ – ಒಂದು ಗಂಟೆ – ತಣ್ಣನೆ ಅನ್ನ – ಖುಷಿ’ ಅನ್ನುವುದರ ಜರ್ಮನ್ ಪದಗಳು, ಅಷ್ಟೇ. ಪೂರ್ತಿ ವಾಕ್ಯ ಬರೆದುಕೊಂಡರೆ ಓದಲು ಶುರು ಮಾಡುತ್ತೀರಿ, ಓದಿದರೆ ತಲೆ ಬಗ್ಗುತ್ತದೆ, ಅದು ಮಾತಾಡುವುದಲ್ಲ ಅಂತ ಎದುರಿಗಿರುವವರಿಗೆ ಕಾಣುತ್ತದೆ.

ಥ್ಯಾಂಕ್ಸ್ ಹೇಳಿದ ಕೂಡಲೇ ಕೆಲಸ ಮುಗಿಯುವುದಿಲ್ಲ. ನಿಮ್ಮ ಜೊತೆಗಾರರು ನಿಮ್ಮ ಮಾತಿನ ಬಗ್ಗೆ ಒಂದೆರಡು ಮಾತು ಹೇಳಿ ಒಂದು ಪ್ರಶ್ನೆ ಕೇಳುತ್ತಾರೆ, ಪರೀಕ್ಷಕರೂ ಕೇಳುತ್ತಾರೆ. ಇದು ಮೂರನೇ ಭಾಗ. ಇಲ್ಲೂ ಆ ತಣ್ಣನೆ ಅನ್ನ ಕೈಹಿಡಿಯುತ್ತದೆ. ಸಣ್ಣ ಘಟನೆ ಹೇಳಿದರೆ ಕೇಳುವವರಿಗೆ ಅಲ್ಲಿಂದಲೇ ಪ್ರಶ್ನೆ ಹುಟ್ಟುತ್ತದೆ: ಆಮೇಲೆ ಏನು ಮಾಡಿದಿರಿ, ಅಮ್ಮ ತಿಂದರಾ, ಮತ್ತೆ ತರಿಸಿದಿರಾ. ಇವೆಲ್ಲ ನಿಮಗೆ ಉತ್ತರ ಗೊತ್ತಿರುವ ಪ್ರಶ್ನೆಗಳು. ಘಟನೆ ಇಲ್ಲದಿದ್ದರೆ ಸರ್ಕಾರ ಏನು ಮಾಡಬೇಕು ಅನ್ನುವ ರೀತಿಯ ಪ್ರಶ್ನೆ ಬರುವ ಸಾಧ್ಯತೆ ಜಾಸ್ತಿ. ಪ್ರಶ್ನೆ ಅರ್ಥವಾಗದಿದ್ದರೆ ‘ಕ್ಯೋಂಟನ್ ಸೀ ಡೀ ಫ್ರಾಗೆ ಬಿಟೆ ವೀಡರ್‌ಹೋಲನ್?’ ಅಂತ ಕೇಳಿ, ಸುಮ್ಮನೆ ಹೌದು ಅನ್ನುವುದಕ್ಕಿಂತ ಅದು ಎಷ್ಟೋ ಮೇಲು. ಜೊತೆಗಾರರ ಸರದಿಯಲ್ಲಿ ನೀವೂ ಕೇಳಬೇಕು, ಹಾಗಾಗಿ ಅವರು ಮಾತಾಡುವಾಗ ನಿಮ್ಮ ನೋಟ್ಸ್ ನೋಡುತ್ತಾ ಕೂರಬೇಡಿ. ಅವರ ಎರಡನೇ ಫೋಲಿಯೆಯಿಂದ ಒಂದು ಪದ ಹಿಡಿದುಕೊಂಡು ‘ಡಾಸ್ ಫಾಂಟ್ ಇಶ್ ಇಂಟೆರೆಸಾಂಟ್’ ಅಂದು ಅದರ ಬಗ್ಗೆಯೇ ಕೇಳಿ.

ಇನ್ನು ಮಧ್ಯದಲ್ಲಿ ಪದ ಸಿಗದೆ ನಿಂತರೆ? ವಾಕ್ಯವನ್ನು ಅಲ್ಲೇ ಬಿಟ್ಟು, ‘ಇಶ್ ಮೈನೆ’ ಅಂದು ಸುಲಭದ ಪದದಲ್ಲಿ ಮತ್ತೆ ಶುರು ಮಾಡಿ. ‘ಪ್ಲಾಸ್ಟಿಕ್‌ಮ್ಯೂಲ್’ ನೆನಪಾಗಲಿಲ್ಲವೇ, ‘ಇಶ್ ಮೈನೆ, ಎಸ್ ಗಿಪ್ಟ್ ತ್ಸು ಫೀಲ್ ಪ್ಲಾಸ್ಟಿಕ್’ ಅನ್ನಿ. ಐದು ಸೆಕೆಂಡಿನ ಕೆಲಸ. ಈ ವಾರ ಹಳೆಯ ರೆಕಾರ್ಡಿಂಗಿನ ಮೊದಲ ಫೋಲಿಯೆಯನ್ನು 20 ಸೆಕೆಂಡಿಗೆ ಕತ್ತರಿಸಿ, ಎರಡನೇದಕ್ಕೆ ಒಂದು ಘಟನೆ ಹಾಕಿ ಮತ್ತೆ ಅಳೆದು ನೋಡಿ. ಎಷ್ಟು ಬಂತು ಅಂತ ನನಗೂ ಬರೆದು ತಿಳಿಸಿ.